ಟಿವಿ ಪರದೆಯಲ್ಲಿ ಕೋಟೆ ಕೂತಿದ್ದು ಹೀಗೆ

ಕಲಬುರಗಿಯ ಟಿವಿ ಅಂಗಡಿಯೊಂದಕ್ಕೆ ಪಾಂಪ್ಲೆಟ್ ಮಾಡುತ್ತಿದ್ದೆ. ಮಾಲೀಕರು ಆಫ್ ಆಗಿದ್ದ ಟಿವಿಯ ಫೋಟೊ ಕೊಟ್ಟು, "ಪರದೆ ಮ್ಯಾಲೆ ನಮ್ಮ ಕೋಟೆ ಚಿತ್ರ ಹಾಕ್ರಿ" ಅಂದರು. ಫೋಟೊ ಎಡಿಟ್ ಮಾಡುವ GIMP ಸಾಫ್ಟ್‌ವೇರ್‌ನಲ್ಲಿ ಹಾಕಿ ತೋರಿಸಿದೆ. "ಸ್ಟಿಕ್ಕರ್ ಅಂಟಿಸಿದಂಗ ಕಾಣ್ತದಲ್ರಿ!" ನಿಜವೇ.

ಮೊದಲ ತಪ್ಪು ಅಳತೆಯದು. ಕೋಟೆಯ ಫೋಟೊ 4:3, ಟಿವಿ 16:9. ಹಾಗೇ ಎಳೆದಿದ್ದಕ್ಕೆ ಬುರುಜು ಅಗಲಕ್ಕೆ ಊದಿಕೊಂಡಿತ್ತು. 16:9ಕ್ಕೆ ಕ್ರಾಪ್ ಮಾಡಿ, ಆಮೇಲೆ Perspective ಟೂಲ್‌ನಿಂದ ನಾಲ್ಕು ಮೂಲೆ ಕೂರಿಸಿದೆ. ಮೂಲೆ ಅಂದರೆ ಫ್ರೇಮಿನದಲ್ಲ, ಚಿತ್ರ ಮೂಡುವ ಜಾಗದ್ದು.

ಅಸಲಿ ತೊಂದರೆ ಹೊಳಪಿನದು. ಅಂಗಡಿಯ ಟ್ಯೂಬ್‌ಲೈಟ್ ಪರದೆಯ ಮೇಲೆ ಓರೆ ಗೆರೆಯಾಗಿ ಹೊಳೆಯುತ್ತಿತ್ತು. ನನ್ನ ಚಿತ್ರ ಅದನ್ನು ಮುಚ್ಚಿಬಿಟ್ಟಿತ್ತು. ಬಿಳಿ ಬ್ರಷ್‌ನಿಂದ ಗೆರೆ ಬಿಡಿಸಲು ಹೋಗಿ ಸುಮ್ನೆ ಅರ್ಧ ಗಂಟೆ ಹಾಳು. ಹೊಳಪು ಮೂಲ ಫೋಟೊದಲ್ಲೇ ಇತ್ತಲ್ವಾ! ಆಫ್ ಪರದೆಯಷ್ಟನ್ನೇ ನಕಲು ಮಾಡಿ, ಕೋಟೆಯ ಮೇಲಿನ ಲೇಯರ್ ಆಗಿ ಇಟ್ಟು, ಮೋಡ್ Screen ಮಾಡಿದೆ. ಇದರಲ್ಲಿ ಕಪ್ಪು ಮಾಯವಾಗುತ್ತದೆ, ಬೆಳಕು ಉಳಿಯುತ್ತದೆ.

ಆದರೂ ಕೋಟೆ ಮಬ್ಬು ಮಬ್ಬು. ಫೋಟೊದಲ್ಲಿ ಆಫ್ ಪರದೆ ಪೂರ್ತಿ ಕಪ್ಪಲ್ಲ, ಗಾಢ ಬೂದು. ಆ ಲೇಯರ್‌ಗೆ Levels ತೆರೆದು ಎಡಗಡೆಯ ಕಪ್ಪು ತ್ರಿಕೋನವನ್ನು 0ಯಿಂದ 35ಕ್ಕೆ ಸರಿಸಿದೆ. ಮಬ್ಬು ಹೋಯಿತು, ಗೆರೆ ಉಳಿಯಿತು. ಜಾಸ್ತಿ ಆಸೆಪಟ್ಟು 60ಕ್ಕೆ ಒಯ್ದಾಗ ಗೆರೆಯ ಅಂಚು ಬ್ಲೇಡಿನಿಂದ ಕೊಯ್ದಂತಾಯಿತು, ವಾಪಸ್ ಬಂದೆ.

ಟಿವಿ ಆನ್ ಇದ್ದಾಗ ತೆಗೆದ ಫೋಟೊಗೆ ಈ ದಾರಿ ನಡೆಯಲ್ಲ. ಹೊಳಪಿನ ಜೊತೆ ಹಳೆಯ ಚಿತ್ರವೂ ಬಂದು ಕೂರುತ್ತದೆ.