ಸಪ್ಲೈಯರ್‌ಗೆ ಹಣ ತಡವಾಗುತ್ತಾ? ಹೊಸ ತಾರೀಖನ್ನು ಹೀಗೆ ಲೆಕ್ಕ ಹಾಕಿ, ಹೀಗೆ ಬರೆಯಿರಿ

ಮಾಲು ಬಂದಿದೆ, ಬಿಲ್ಲೂ ಬಂದಿದೆ. ಹಣ ಕೊಡುವ ದಿನ ಹತ್ತಿರ ಬಂದಾಗ ನೋಡಿದರೆ ಖಾತೆಯಲ್ಲಿ ಅಷ್ಟು ಇಲ್ಲ. ಆಗ ತುಂಬಾ ಜನ ಸುಮ್ನೆ ಇದ್ದುಬಿಡುತ್ತಾರೆ. ಅವರೇ ಫೋನ್ ಮಾಡಲಿ, ಆಮೇಲೆ ಹೇಳಿದರಾಯಿತು ಅಂತ. ನಾನು ಹಣ ಕೊಡುವ ಕಡೆಯೂ ಕೂತಿದ್ದೇನೆ, ಕಾಯುವ ಕಡೆಯೂ ಕೂತಿದ್ದೇನೆ. ಕಾಯುವವರಿಗೆ ತಡಕ್ಕಿಂತ ಜಾಸ್ತಿ ಕಷ್ಟ ಕೊಡುವುದು ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದಿರುವುದು. ಅವರೂ ಆ ಹಣವನ್ನು ನಂಬಿ ಇನ್ನೊಬ್ಬರಿಗೆ ಮಾತು ಕೊಟ್ಟಿರುತ್ತಾರೆ.

ಮೊದಲು ತಾರೀಖು, ಆಮೇಲೆ ಮೆಸೇಜ್

ಒಂದು ಉದಾಹರಣೆ ತೆಗೆದುಕೊಳ್ಳೋಣ. ನೀವು ಕೊಡಬೇಕಾದ್ದು 90,000. ಕೊನೆಯ ದಿನ 8, ಗುರುವಾರ. ಕೈಯಲ್ಲಿ ಈಗ ಬಿಡಿಸಿ ಕೊಡಲು ಆಗುವುದು 30,000 ಮಾತ್ರ. ಉಳಿದದ್ದು ನಿಮ್ಮ ಗಿರಾಕಿಯೊಬ್ಬರಿಂದ ಬರಬೇಕು. ಅವರು 16ಕ್ಕೆ, ಶುಕ್ರವಾರ, 1,00,000 ಹಾಕುತ್ತೇವೆ ಅಂದಿದ್ದಾರೆ.

ಹಾಗಂತ ಸಪ್ಲೈಯರ್‌ಗೆ 16 ಅಂತ ಹೇಳಬೇಡಿ. ಹಳೆಯ ಲೆಕ್ಕ ತೆಗೆದು, ಆ ಗಿರಾಕಿ ಹಿಂದಿನ ಮೂರು ಸಲ ಹೇಳಿದ ದಿನಕ್ಕಿಂತ ಎಷ್ಟು ತಡವಾಗಿ ಕೊಟ್ಟರು ನೋಡಿ. 3 ದಿನ, 5 ದಿನ, 8 ದಿನ ಅಂತಿಟ್ಟುಕೊಳ್ಳಿ. ಅತಿ ಜಾಸ್ತಿ ತಡವಾದದ್ದನ್ನೇ ಹಿಡಿಯಿರಿ: 16ಕ್ಕೆ 8 ಸೇರಿಸಿದರೆ 24. ಅದು ಶನಿವಾರ. ಬ್ಯಾಂಕಿನ ಕೆಲಸ ಸೋಮವಾರ 26ಕ್ಕೆ ಹೋಗಬಹುದು. ಹಣ ದಾಟಲು ಇನ್ನೊಂದು ದಿನ ಇಟ್ಟರೆ 27.

ಇಷ್ಟಕ್ಕೇ ಮುಗಿಯಲಿಲ್ಲ. ಬರುವ 1,00,000ದ ಮೇಲೆ ಬೇರೆ ಯಾರ ಕಣ್ಣಿದೆ? 26ಕ್ಕೆ ಸಾಲದ ಕಂತು 25,000 ಹೋಗುತ್ತದೆ ಅನ್ನಿ. ಉಳಿಯುವುದು 75,000. ಅದರಲ್ಲಿ 60,000 ಕೊಡಬಹುದು. ಈಗ 27 ನಿಮ್ಮದೇ ತಾರೀಖು. ಎಷ್ಟೋ ಮಾತು ತಪ್ಪುವುದು ಇಲ್ಲೇ. ಹಣ ಹೇಳಿದ ದಿನಕ್ಕೇ ಬಂದಿರುತ್ತದೆ, ಆದರೆ ಅಷ್ಟರಲ್ಲಿ ಬೇರೆಯವರಿಗೆ ಹೋಗಿರುತ್ತದೆ.

ಬರೆಯುವುದು

8 ಬರುವ ಮುಂಚೆಯೇ, 5ನೇ ತಾರೀಖು ಸೋಮವಾರ ಕಳಿಸಿ. ಆರ್ಡರ್ ತೆಗೆದುಕೊಳ್ಳುವವರಿಗೆ ಮಾತ್ರ ಹೇಳಿದರೆ ಸಾಲದು, ಅಲ್ಲಿ ಲೆಕ್ಕ ನೋಡುವವರಿಗೂ ಹೋಗಲಿ. ಹೀಗೆ ಬರೆಯಬಹುದು:

“ನಮಸ್ಕಾರ ಸರ್. ಬಿಲ್ ನಂಬರ್ 214, ಮೊತ್ತ 90,000, ಇದೇ 8ಕ್ಕೆ ಕೊಡಬೇಕು. ಆ ದಿನ ಪೂರ್ತಿ ಕೊಡಲು ನಮ್ಮಿಂದ ಆಗುತ್ತಿಲ್ಲ. ನಮಗೆ ಬರಬೇಕಾದ ಒಂದು ದೊಡ್ಡ ಮೊತ್ತ ತಡವಾಗಿದೆ. 8ಕ್ಕೆ 30,000 ಕಳಿಸುತ್ತೇನೆ. ಉಳಿದ 60,000 ಅನ್ನು 27ನೇ ತಾರೀಖು ಮಂಗಳವಾರ ಸಂಜೆಯೊಳಗೆ ನಿಮ್ಮ ಖಾತೆಗೆ ಹಾಕುತ್ತೇನೆ. 23ಕ್ಕೆ ನಾನೇ ಫೋನ್ ಮಾಡಿ ಹಣ ಎಲ್ಲಿಗೆ ಬಂತು ಅಂತ ತಿಳಿಸುತ್ತೇನೆ. ನಿಮಗೆ ತೊಂದರೆ ಆಗುತ್ತಿದೆ, ಕ್ಷಮಿಸಿ. 27ರವರೆಗೆ ಕಾಯುವುದು ಕಷ್ಟವಾದರೆ ದಯವಿಟ್ಟು ಹೇಳಿ, ಮಾತಾಡೋಣ.”

ಕಾರಣ ಒಂದೇ ಸಾಲಿನಲ್ಲಿದೆ ನೋಡಿ. ಕಾರಣ ಉದ್ದವಾದಷ್ಟೂ ನೆಪದ ಹಾಗೆ ಕೇಳುತ್ತದೆ. ಆ ಗಿರಾಕಿಯ ಹೆಸರು ಬರೆಯುವುದೂ ಬೇಡ. “ಅವರು ಕೊಟ್ಟ ತಕ್ಷಣ ಕೊಡುತ್ತೇನೆ” ಅಂತಲೂ ಬರೆಯಬೇಡಿ. ಅದು ತಾರೀಖಲ್ಲ, ಇನ್ನೊಬ್ಬರ ಹೆಗಲಿಗೆ ಹಾಕಿದ ಭಾರ. “ಈ ವಾರದಲ್ಲಿ”, “ಆದಷ್ಟು ಬೇಗ” ಅನ್ನುವುದೂ ಅಷ್ಟೇ, ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳಲು ಆಗುವುದಿಲ್ಲ. ತಡವಾದರೆ ಬಡ್ಡಿ ಕೊಡುವುದಾಗಿ ಮೊದಲೇ ಒಪ್ಪಿಕೊಂಡಿದ್ದರೆ, ಅದನ್ನು ಅವರು ಕೇಳುವ ಮುಂಚೆ ನೀವೇ ಬರೆಯಿರಿ.

ಮಾಲಿನ ಬಗ್ಗೆ ದೂರಿದ್ದರೆ ಅದನ್ನು ಇದರ ಜೊತೆ ಸೇರಿಸಬೇಡಿ. ದೂರು ನಿಜವೇ ಆಗಿದ್ದರೂ ಹಣ ಕೊಡದಿರಲು ಹುಡುಕಿದ ದಾರಿಯ ಹಾಗೆ ಕಾಣುತ್ತದೆ. ಹೊಸ ಆರ್ಡರನ್ನೂ ಇದೇ ಮೆಸೇಜ್‌ನಲ್ಲಿ ಕೇಳಬೇಡಿ.

ಆಮೇಲೆ

8ಕ್ಕೆ 30,000 ಹೋಗಲೇಬೇಕು. ಅದು ತಪ್ಪಿದರೆ 27 ಅನ್ನು ಯಾರೂ ನಂಬುವುದಿಲ್ಲ. 23ಕ್ಕೆ ಗಿರಾಕಿಯ ಹಣ ಬಂದಿಲ್ಲ ಅಂದರೂ ಫೋನ್ ಮಾಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. 27ಕ್ಕೆ ಆಗುವುದೇ ಇಲ್ಲ ಅಂತ ಅವತ್ತೇ ಗೊತ್ತಾದರೆ, ಎಷ್ಟು ಕೊಡಬಹುದು, ಉಳಿದದ್ದು ಯಾವಾಗ ಅಂತ ಮೇಲಿನ ಲೆಕ್ಕವನ್ನೇ ಮತ್ತೆ ಹಾಕಿ. ಈ ಸಲ ದಿನ ಸ್ವಲ್ಪ ದೂರವಾದರೂ ಪರವಾಗಿಲ್ಲ, ಮತ್ತೊಮ್ಮೆ ತಾರೀಖು ಬದಲಿಸುವ ಹಾಗೆ ಆಗಬಾರದು.

ಹಣ ಹಾಕಿದ ಮೇಲೆ ಬ್ಯಾಂಕಿನ ವ್ಯವಹಾರದ ನಂಬರನ್ನೂ ಬಿಲ್ ನಂಬರನ್ನೂ ಒಟ್ಟಿಗೆ ಕಳಿಸಿ. ಎರಡು ಕಂತಿನಲ್ಲಿ ಬಂದ ಹಣ ಕೆಲವು ಸಲ ಬೇರೆ ಬಿಲ್ಲಿಗೆ ಜಮಾ ಆಗಿ, 214 ಇನ್ನೂ ಬಾಕಿ ಅಂತಲೇ ತೋರಿಸುತ್ತದೆ. ಬಾಕಿ ಸೊನ್ನೆ ಆಯಿತು ಅಂತ ಅವರಿಂದ ಒಂದು ಸಾಲು ಬರೆಸಿಕೊಳ್ಳಿ.