ಮೊಟ್ಟೆಯ ಬಗ್ಗೆ ಬರೆದದ್ದನ್ನು ಮತ್ತೆ ಬರೆದೆ

ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡಬೇಕೋ ಬೇಡವೋ ಅನ್ನುವ ಜಗಳ ನಮ್ಮ ರಾಜ್ಯದಲ್ಲಿ ಹಳೆಯದು. 2021ರ ಡಿಸೆಂಬರಿನಲ್ಲಿ ಬೀದರ್, ರಾಯಚೂರು ಸೇರಿ 7 ಜಿಲ್ಲೆಗಳಲ್ಲಿ ಮೊಟ್ಟೆ ಶುರುವಾದಾಗ ಅದು ಜೋರಾಯಿತು. ನಾನು ಮೊಟ್ಟೆಯ ಪರ. ಒಂದು ರಾತ್ರಿ ಸಿಟ್ಟಿನಲ್ಲಿ ಕೂತು ಎರಡು ಪುಟ ಬರೆದೆ. ಬೆಳಿಗ್ಗೆ ಓದಿದರೆ, ಈಗಾಗಲೇ ನನ್ನ ಮಾತು ಒಪ್ಪಿದವರಿಗೆ ಮಾತ್ರ ಬರೆದಂತಿತ್ತು.

ಪ್ರಿಂಟ್ ತೆಗೆದು ಎರಡು ಪೆನ್ನು ಹಿಡಿದೆ. ಯಾರು ಬೇಕಾದರೂ ಪರೀಕ್ಷೆ ಮಾಡಿ ನೋಡಬಹುದಾದ ಮಾತಿಗೆ ನೀಲಿ ಗೆರೆ, ನನ್ನ ಅಭಿಪ್ರಾಯಕ್ಕೆ ಕೆಂಪು ಗೆರೆ. ತೊಂದರೆ ಕೊಟ್ಟಿದ್ದು ಎರಡೂ ಗೆರೆ ಬೀಳುವ ವಾಕ್ಯಗಳು. ಅದರಲ್ಲೂ ನನಗೆ ತುಂಬಾ ಇಷ್ಟವಾಗಿದ್ದ ಈ ವಾಕ್ಯ: "ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ರಾಜ್ಯದಲ್ಲಿ, ಶಾಲೆ ಮಕ್ಕಳ ತಟ್ಟೆಯಿಂದ ಮೊಟ್ಟೆ ಕಿತ್ತುಕೊಳ್ಳುವವರಿಗೆ ತಮ್ಮ ಮಡಿಯೇ ಮುಖ್ಯ."

ಇದನ್ನು ತುಂಡು ಮಾಡಿ ನೋಡಿದೆ. 35 ಅನ್ನುವ ಅಂಕಿ ನಿಜ. 5ನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕಕ್ಕೆ ಶೇ. 35.4 ಅಂತಲೇ ಇದೆ. ಆದರೆ ಅದು 5 ವರ್ಷದೊಳಗಿನ ಮಕ್ಕಳ ಲೆಕ್ಕ! ಬಿಸಿಯೂಟ ಉಣ್ಣುವವರು ಅದಕ್ಕಿಂತ ದೊಡ್ಡವರು. ಅಂಕಿ ಸರಿ, ಕೂರಿಸಿದ ಜಾಗ ತಪ್ಪು. ಇಂಥದ್ದು ಸುಳ್ಳಿಗಿಂತ ಕಷ್ಟ, ಯಾಕೆಂದರೆ ಅಂಕಿಯನ್ನಷ್ಟೇ ತಾಳೆ ನೋಡಿದರೆ ಸಿಕ್ಕಿಬೀಳುವುದಿಲ್ಲ.

"ಕಿತ್ತುಕೊಳ್ಳುವವರು" ಅಂದೆ. ವಿರೋಧ ಮಾಡಿದವರೆಲ್ಲ ಕೇಳಿದ್ದು ಒಂದೇ ಅಲ್ಲ. ಮೊಟ್ಟೆ ನಿಲ್ಲಿಸಿ ಅಂದವರಿದ್ದರು, ಎಲ್ಲರಿಗೂ ಸಸ್ಯಾಹಾರವನ್ನೇ ಕೊಡಿ ಅಂದವರೂ ಇದ್ದರು. ಇನ್ನು "ಮಡಿಯೇ ಮುಖ್ಯ" ಅನ್ನುವುದು ಅವರ ಮನಸ್ಸಿನೊಳಗಿನ ಮಾತು. ಅದು ನನಗೆ ಹೇಗೆ ಗೊತ್ತು? ಅದಕ್ಕೆ ಕೆಂಪು ಗೆರೆಯೂ ಸಾಲದು ಅನ್ನಿಸಿ, ಹೊಡೆದೇ ಹಾಕಿದೆ.

ಇನ್ನೊಂದು ಕಡೆ ನಾನೇ ಜಾಣತನ ಮಾಡಿದ್ದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಬಾಳೆಹಣ್ಣಿನಲ್ಲಿ ಸುಮಾರು 1 ಗ್ರಾಂ ಅಂತ ಬರೆದಿದ್ದೆ. ಎರಡೂ ನಿಜ. ಆದರೆ ಮೊಟ್ಟೆ ತಿನ್ನದ ಮಕ್ಕಳಿಗೆ ಶೇಂಗಾ ಚಿಕ್ಕಿಯೂ ಇತ್ತು. ಅದರಲ್ಲಿ ಪ್ರೋಟೀನ್ ಚೆನ್ನಾಗಿಯೇ ಇರುತ್ತದೆ. ಅದನ್ನು ಸುಮ್ನೆ ಬಿಟ್ಟಿದ್ದೆ. ಈಗ ಚಿಕ್ಕಿಯನ್ನೂ ಸೇರಿಸಿದೆ. ಜೊತೆಗೆ, ಬಿ12 ಜೀವಸತ್ವ ಮೊಟ್ಟೆಯಲ್ಲಿದೆ, ಬಾಳೆಹಣ್ಣು ಮತ್ತು ಶೇಂಗಾದಲ್ಲಿ ಇಲ್ಲ ಅಂತ ಬರೆದೆ. ವಾದ ಮೊದಲಿಗಿಂತ ಗಟ್ಟಿಯಾಯಿತು.

ಎರಡನೇ ಸಲ ಬರೆದಾಗ ಹೆದರಿಕೆ ಜಾಸ್ತಿಯಾಗಿ ಎಲ್ಲದಕ್ಕೂ "ಇರಬಹುದು" ಅಂಟಿಸಿದೆ. ಅಕ್ಕ ಓದಿ, "ನೀನು ಮೊಟ್ಟೆ ಬೇಕು ಅಂತೀಯೋ ಬೇಡ ಅಂತೀಯೋ?" ಅಂದಳು. ಸರಿಯಾದ ಪ್ರಶ್ನೆ. ಮೊಟ್ಟೆಯಲ್ಲಿ ಬಿ12 ಇರಬಹುದು ಅನ್ನುವುದೇಕೆ, ಇದೆ! ನನ್ನ ನಿಲುವನ್ನೂ ಅಳುಕಿ ಹೇಳಬೇಕಿಲ್ಲ, ಅದು ನನ್ನದು ಅಂತ ಗೊತ್ತಾದರೆ ಸಾಕು. ಅಲ್ಲೊಂದು ತೊಡಕಿದೆ. ಕನ್ನಡದಲ್ಲಿ "ಅನ್ನಿಸುತ್ತದೆ" ಬರುವುದು ವಾಕ್ಯದ ಕೊನೆಗೆ. ಅಷ್ಟರಲ್ಲಿ ಓದುವವರು ಇಡೀ ಮಾತನ್ನು ಸಂಗತಿ ಅಂತಲೇ ನುಂಗಿರುತ್ತಾರೆ. ಹಾಗಾಗಿ "ನನ್ನ ಮಟ್ಟಿಗೆ" ಅಂತ ಮೊದಲೇ ಇಟ್ಟೆ. "ಮಡಿಯೇ", "ಅವರೇ", "ಬರೀ" ಥರದ ಒತ್ತುಗಳನ್ನೂ ಒಂದೊಂದಾಗಿ ನೋಡಿದೆ. ಆ ಒಂದು ಏಕಾರದಲ್ಲಿ ಎಷ್ಟು ಸಿಟ್ಟು ಅಡಗಿರುತ್ತದೆ ನೋಡಿ.

ಕೊನೆಗೆ ಆ ಒಂದು ವಾಕ್ಯ ಹೀಗಾಯಿತು:

"5 ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳ ಎತ್ತರ ವಯಸ್ಸಿಗೆ ತಕ್ಕಷ್ಟಿಲ್ಲ ಅಂತ ಸಮೀಕ್ಷೆ ಹೇಳುತ್ತದೆ. ಶಾಲೆಗೆ ಬರುವ ಮಕ್ಕಳ ಅಂಕಿ ಇದಲ್ಲ, ಆದರೆ ಅವರು ಬರುವುದು ಇಂಥ ಮನೆಗಳಿಂದಲೇ. ನನ್ನ ಮಟ್ಟಿಗೆ, ಬೇಕು ಅನ್ನುವ ಮಗುವಿಗೆ ಮೊಟ್ಟೆ ಸಿಗಬೇಕು, ಬೇಡ ಅನ್ನುವ ಮಗುವಿಗೆ ಬೇರೆ ಸಿಗಬೇಕು."

ಇದನ್ನು ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರಿಗೆ ಕೊಟ್ಟೆ. ಅವರು ಶಾಲೆಯಲ್ಲಿ ಮೊಟ್ಟೆ ಬೇಡ ಅನ್ನುವವರು. "ಮೇಷ್ಟ್ರೇ, ನನ್ನ ಅಭಿಪ್ರಾಯ ಎಲ್ಲೆಲ್ಲಿದೆಯೋ ಅಲ್ಲಿ ಗೆರೆ ಹಾಕಿಕೊಡಿ" ಅಂದೆ. "ನನ್ನ ಮಟ್ಟಿಗೆ" ಇದ್ದ ಕಡೆಯೆಲ್ಲ ಹಾಕಿದ್ದರು. ಜೊತೆಗೆ ನಾನು ನೀಲಿ ಅಂದುಕೊಂಡಿದ್ದ ಒಂದು ಕಡೆಯೂ ಇತ್ತು. "ಇಂಥ ಮನೆಗಳಿಂದಲೇ" ಅನ್ನುವುದರ ಕೆಳಗೆ ದಪ್ಪ ಗೆರೆ, ಪಕ್ಕದಲ್ಲಿ ಸಣ್ಣಗೆ, "ಇದಕ್ಕೆ ಲೆಕ್ಕ ಎಲ್ಲಿದೆ?"

ಆ ಮಾತನ್ನು ತೆಗೆದೆ.