‘ಟುಮಾರೋ’ ಅಂದ್ರೆ ಯಾವ ನಾಳೆ? ಕಾಲ್ ನೋಟ್ ಬರೆಯುವಾಗ ನಾನು ರಿಪೋರ್ಟೆಡ್ ಸ್ಪೀಚ್ ಮಾಡೋ ರೀತಿ

ನಂದು ಸರ್ವಿಸ್ ಡೆಸ್ಕ್ ಕೆಲಸ, ಕಸ್ಟಮರ್ ಫೋನಲ್ಲಿ ಹೇಳಿದ್ದನ್ನ ಇಂಗ್ಲಿಷ್ ಕಾಲ್ ನೋಟ್ ಮಾಡಿ ಇಡ್ಬೇಕು, ಅಂದ್ರೆ ಡೈರೆಕ್ಟ್ ಸ್ಪೀಚನ್ನ ರಿಪೋರ್ಟೆಡ್ ಸ್ಪೀಚ್ ಮಾಡೋದೇ ದಿನವಿಡೀ. ಸ್ಕೂಲಲ್ಲಿ ಇದನ್ನ ಟೇಬಲ್ ಹಾಕಿ ಬಾಯಿಪಾಠ ಮಾಡಿಸ್ತಾರೆ, ಟುಡೇ ಇದ್ರೆ ದಟ್ ಡೇ, ಹಿಯರ್ ಇದ್ರೆ ದೇರ್ ಅಂತ. ಯಾಕೆ ಬದಲಾಗುತ್ತೆ ಅಂತ ಮಾತ್ರ ಅಷ್ಟಾಗಿ ಯಾರೂ ಹೇಳಲ್ಲ. ನಮ್ಮ ಡೆಸ್ಕಲ್ಲಿ ಅದು ತಾನಾಗೇ ಗೊತ್ತಾಗುತ್ತೆ, ಯಾಕಂದ್ರೆ ನಾನು ಬರೆದಿದ್ದನ್ನ ಓದೋ ಎಂಜಿನಿಯರು ಬೇರೆ ದಿನ ಬೇರೆ ಜಾಗದಲ್ಲಿ ಇರ್ತಾರೆ. ನೋಟಲ್ಲಿ ‘ಟುಮಾರೋ’ ಅಂತ ಹಾಗೇ ಉಳಿದಿದ್ರೆ ಅವರು ತಾವು ಓದಿದ ದಿನದಿಂದ ಲೆಕ್ಕ ಹಾಕಿ, ಬೀಗ ಹಾಕಿರೋ ಮನೆ ಮುಂದೆ ಹೋಗಿ ನಿಲ್ತಾರೆ.

ಒಂದು ಕಾಲನ್ನೇ ತಗೊಳ್ಳೋಣ. ಮಂಗಳವಾರ, 12ನೇ ತಾರೀಕು, ಕಸ್ಟಮರ್ ಹೇಳಿದ್ದು ಇದು: “ದ ಮಷೀನ್ ಸ್ಟಾಪ್ಡ್ ಯೆಸ್ಟರ್ಡೇ. ಐ ಹ್ಯಾವ್ ಕಾಲ್ಡ್ ಯು ಟ್ವೈಸ್. ಯುವರ್ ಎಂಜಿನಿಯರ್ ಈಸ್ ಕಮಿಂಗ್ ಹಿಯರ್ ಟುಮಾರೋ, ಬಟ್ ಐ ವಿಲ್ ನಾಟ್ ಬಿ ಅಟ್ ಹೋಮ್. ಕ್ಯಾನ್ ಹಿ ಕಮ್ ನೆಕ್ಸ್ಟ್ ವೀಕ್?”

ಮೊದಲು ನೋಡೋದು ರಿಪೋರ್ಟಿಂಗ್ ವರ್ಬ್, ಅಂದ್ರೆ ಸೇಸ್, ಸೆಡ್ ಥರ ‘ಹೇಳಿದ್ರು’ ಅನ್ನೋ ಪದ. ಪಕ್ಕದ ಸೀಟಿನವರಿಗೆ ಆಗಿಂದಾಗ್ಲೇ ‘ಶಿ ಸೇಸ್’ ಅಂತ ಹೇಳ್ತಾ ಇದ್ರೆ ಟೆನ್ಸ್ ಮುಟ್ಟೋದೇ ಬೇಡ, ಯೆಸ್ಟರ್ಡೇ ಟುಮಾರೋ ಕೂಡ ಹಾಗೇ ಇರುತ್ತೆ, ಐ ಹೋಗಿ ಶಿ ಬರುತ್ತೆ, ಅದರ ಜೊತೆ ಹ್ಯಾವ್ ಹ್ಯಾಸ್ ಆಗುತ್ತೆ, ಯುವರ್ ಹೋಗಿ ಅವರ್, ಹಿಯರ್ ಹೋಗಿ ದೇರ್ ಬರುತ್ತೆ, ಅಂಥವು ಅಷ್ಟೇ. ನೋಟಲ್ಲಿ ‘ಶಿ ಸೆಡ್’ ಅಂತ ಪಾಸ್ಟಲ್ಲಿ ಬರೀತೀವಲ್ಲ, ಅಲ್ಲಿಂದ ಬ್ಯಾಕ್‌ಶಿಫ್ಟ್ ಶುರು, ಅಂದ್ರೆ ಟೆನ್ಸನ್ನ ಹಿಂದಕ್ಕೆ ತಳ್ಳೋದು. ಇದು ನಮ್ಮವರಿಗೆ ಕೈಗೆ ಬೇಗ ಹತ್ತಲ್ಲ, ಯಾಕಂದ್ರೆ ಕನ್ನಡದಲ್ಲಿ ‘ನಾಳೆ ಮನೇಲಿರಲ್ಲ ಅಂದ್ರು’ ಅಂತ ಅವರ ಮಾತನ್ನ ಹಾಗೇ ಎತ್ತಿಟ್ಟು ಕೊನೇಲಿ ‘ಅಂದ್ರು’ ಸೇರಿಸಿದ್ರೆ ಮುಗೀತು.

ಟೆನ್ಸ್‌ಗೆ ನಾನು ಉದ್ದದ ಟೇಬಲ್ ಇಟ್ಕೊಂಡಿಲ್ಲ. ವರ್ಬ್ ಗುಂಪಲ್ಲಿ ಮೊದಲನೇ ಪದ ಯಾವ್ದು ನೋಡ್ತೀನಿ, ಅದೊಂದನ್ನೇ ಒಂದು ಹೆಜ್ಜೆ ಹಿಂದಕ್ಕೆ ತಳ್ತೀನಿ, ಮಿಕ್ಕಿದ್ದು ಇದ್ದ ಹಾಗೇ. ಹ್ಯಾವ್ ಕಾಲ್ಡ್ ಇದ್ರೆ ಹ್ಯಾಡ್ ಕಾಲ್ಡ್, ಈಸ್ ಕಮಿಂಗ್ ಇದ್ರೆ ವಾಸ್ ಕಮಿಂಗ್, ವಿಲ್ ನಾಟ್ ಬಿ ಇದ್ರೆ ವುಡ್ ನಾಟ್ ಬಿ. ಹ್ಯಾಸ್ ಬೀನ್ ವೇಟಿಂಗ್ ಅಂತ ಮೂರು ಪದ ಇದ್ರೂ ಹ್ಯಾಸ್ ಮಾತ್ರ ಹ್ಯಾಡ್ ಆಗುತ್ತೆ, ಬೀನ್ ವೇಟಿಂಗ್ ಅಲ್ಲಾಡಲ್ಲ. ಒಂಟಿ ವರ್ಬ್ ಇದ್ರೆ ಅದೇ ಬದಲಾಗ್ಬೇಕು, ವರ್ಕ್ಸ್ ಇದ್ದಿದ್ದು ವರ್ಕ್ಡ್. ಸ್ಟಾಪ್ಡ್ ಥರ ಮೊದಲೇ ಪಾಸ್ಟ್ ಇದ್ರೆ ಮುಂದೆ ಹ್ಯಾಡ್ ಸೇರುತ್ತೆ, ಹ್ಯಾಡ್ ಕಾಲ್ಡ್ ಥರ ಮೊದಲೇ ಹ್ಯಾಡ್ ಸೇರಿದ್ರೆ ಇನ್ನು ಹಿಂದಕ್ಕೆ ಹೋಗೋಕೆ ಜಾಗ ಇಲ್ಲ. ವುಡ್, ಶುಡ್, ಮೈಟ್ ಕೂಡ ಹಾಗೇ ಉಳಿಯುತ್ತೆ.

ಆಮೇಲೆ ಟೈಮು, ಜಾಗ. ಸ್ಕೂಲ್ ಲೆಕ್ಕದಲ್ಲಿ ಮಾಡಿದ್ರೆ ನೋಟ್ ಹೀಗಾಗುತ್ತೆ: “ಶಿ ಸೆಡ್ ದಟ್ ದ ಮಷೀನ್ ಹ್ಯಾಡ್ ಸ್ಟಾಪ್ಡ್ ದ ಡೇ ಬಿಫೋರ್ ಅಂಡ್ ದಟ್ ಶಿ ಹ್ಯಾಡ್ ಕಾಲ್ಡ್ ಅಸ್ ಟ್ವೈಸ್. ಶಿ ಸೆಡ್ ದಟ್ ಅವರ್ ಎಂಜಿನಿಯರ್ ವಾಸ್ ಗೋಯಿಂಗ್ ದೇರ್ ದ ನೆಕ್ಸ್ಟ್ ಡೇ, ಬಟ್ ಶಿ ವುಡ್ ನಾಟ್ ಬಿ ಅಟ್ ಹೋಮ್. ಶಿ ಆಸ್ಕ್ಡ್ ಇಫ್ ಹಿ ಕುಡ್ ಗೋ ದ ಫಾಲೋಯಿಂಗ್ ವೀಕ್.” ಇಲ್ಲಿ ಕಮಿಂಗ್ ಹೋಗಿ ಗೋಯಿಂಗ್ ಆಗಿದ್ದನ್ನ ಗಮನಿಸಿ. ಟೇಬಲ್ ನೋಡ್ಕೊಂಡು ಮಾಡೋರು ಹಿಯರನ್ನ ದೇರ್ ಮಾಡಿ ಕಮಿಂಗನ್ನ ಅಲ್ಲೇ ಬಿಟ್ಟುಬಿಡ್ತಾರೆ. ಬರೋದು ಅನ್ನೋದು ಅವರ ಮನೆ ಕಡೆಯಿಂದ ನೋಡಿದ್ರೆ, ನಮ್ಮ ಆಫೀಸಿಂದ ನೋಡಿದ್ರೆ ಅದು ಹೋಗೋದು.

ಪರೀಕ್ಷೇಲಿ ಇದಕ್ಕೆ ಪೂರ್ತಿ ಮಾರ್ಕ್ಸ್. ಯಾವಾಗ ರಿಪೋರ್ಟ್ ಮಾಡ್ತಿದ್ದೀವಿ ಅಂತ ಪ್ರಶ್ನೇಲಿ ಕೊಟ್ಟಿರಲ್ಲ, ದಿನಾನೂ ಕಳೆದಿದೆ ಜಾಗಾನೂ ಬೇರೆ ಅಂತ ಅಂದ್ಕೊಂಡೇ ಬರೀಬೇಕು. ಆದ್ರೆ ನಿಜವಾಗಿ ಮಾತಾಡುವಾಗ ನಾವು ಯಾವ ದಿನ ನಿಂತು ಹೇಳ್ತಿದ್ದೀವಿ ಅನ್ನೋದರ ಮೇಲೆ ಎಲ್ಲ ನಿಂತಿದೆ. ಬುಧವಾರ ಬೆಳಗ್ಗೆ ಎಂಜಿನಿಯರ್ ಫೋನ್ ಮಾಡಿದ್ರೆ ನಾನು “ಶಿ ಸೆಡ್ ಶಿ ವುಡ್ ನಾಟ್ ಬಿ ಅಟ್ ಹೋಮ್ ಟುಡೇ” ಅಂತೀನಿ. ಅವರ ಟುಮಾರೋ ನನಗೀಗ ಟುಡೇ ಆಗಿದೆ, ಅಲ್ಲಿ ‘ದ ನೆಕ್ಸ್ಟ್ ಡೇ’ ಅಂದ್ರೆ ಕೇಳೋರು ತಲೆ ಕೆರ್ಕೊಳ್ತಾರೆ. ಅವರ ಯೆಸ್ಟರ್ಡೇ ಸೋಮವಾರ, ಅದನ್ನ ‘ಆನ್ ಮಂಡೇ’ ಅಂತ ನೇರವಾಗಿ ಹೇಳ್ತೀನಿ. ಅದೇ ಮಂಗಳವಾರ ಸಂಜೆನೇ ಹೇಳ್ತಿದ್ರೆ ‘ಶಿ ಸೆಡ್’ ಅಂತ ಪಾಸ್ಟಲ್ಲಿ ಶುರು ಮಾಡಿದ್ರೂ ಟುಮಾರೋ ಟುಮಾರೋನೇ. ನೋಟಲ್ಲಂತೂ ನಾನು ಈ ನೆಕ್ಸ್ಟ್ ಡೇ, ಡೇ ಬಿಫೋರ್ ಯಾವ್ದೂ ಇಡಲ್ಲ, ‘ಆನ್ ದ 13ತ್’ ಅಂತ ತಾರೀಕು, ದೇರ್ ಬದಲು ‘ಟು ಹರ್ ಹೌಸ್’. ಯಾವತ್ತು ಯಾರು ಓದಿದ್ರೂ ಒಂದೇ ಅರ್ಥ.

ತಾರೀಕು ಹಾಕಿದ್ರೆ ಇನ್ನೊಂದು ಲಾಭ ಇದೆ, ‘ಹ್ಯಾಡ್ ಸ್ಟಾಪ್ಡ್’ ಬದಲು ‘ಶಿ ಸೆಡ್ ದ ಮಷೀನ್ ಸ್ಟಾಪ್ಡ್ ಆನ್ ದ 11ತ್’ ಅಂತ ಸಿಂಪಲ್ ಪಾಸ್ಟಲ್ಲೇ ಬಿಡಬಹುದು, ಯಾವ್ದು ಮೊದಲಾಯ್ತು ಅನ್ನೋದು ತಾರೀಕಿಂದಲೇ ಗೊತ್ತಾಗುತ್ತೆ. ಹಾಗಂತ ಎಲ್ಲಾ ಕಡೆ ಹ್ಯಾಡ್ ತೆಗೆಯೋಕಾಗಲ್ಲ. “ಶಿ ಸೆಡ್ ಶಿ ಯೂಸ್ಡ್ ದ ಓಲ್ಡ್ ಚಾರ್ಜರ್” ಅಂತ ಬರೆದ್ರೆ ಆಯಮ್ಮ “ಐ ಯೂಸ್ ದ ಓಲ್ಡ್ ಚಾರ್ಜರ್” ಅಂದ್ರಾ, ಅಂದ್ರೆ ಈಗಲೂ ಅದನ್ನೇ ಹಾಕ್ತಾರಾ, ಇಲ್ಲಾ “ಐ ಯೂಸ್ಡ್” ಅಂದ್ರಾ, ಯಾವತ್ತೋ ಹಾಕಿದ್ದಾ? ಎರಡೂ ಬಂದು ನಿಲ್ಲೋದು ಯೂಸ್ಡ್‌ಗೇ. ಎಂಜಿನಿಯರಿಗೆ ಇದು ದೊಡ್ಡ ವ್ಯತ್ಯಾಸ, ಹಾಗಾಗಿ ಹಳೇ ಮಾತಾಗಿದ್ರೆ ಹ್ಯಾಡ್ ಯೂಸ್ಡ್ ಅಂತ ಬರೆಯೋದನ್ನ ನಾನು ತಪ್ಪಿಸಲ್ಲ.

ಇನ್ನು, ಈಗಲೂ ನಿಜವಾಗಿರೋ ವಿಷಯ. ಮನೆ ಮೂರನೇ ಫ್ಲೋರಲ್ಲಿದೆ ಅಂದ್ರೆ ‘ಶಿ ಸೆಡ್ ಹರ್ ಹೌಸ್ ಈಸ್ ಆನ್ ದ ಥರ್ಡ್ ಫ್ಲೋರ್’ ಅಂತ ಈಸ್ ಇಟ್ರೂ ತಪ್ಪಲ್ಲ, ಮನೆಯೇನು ಎದ್ದು ಹೋಗಲ್ಲ. ಆದ್ರೆ “ಮೈ ವಾರಂಟಿ ಈಸ್ ವ್ಯಾಲಿಡ್” ಅಂದಾಗ ನಾನು ವಾಸ್ ಅಂತಲೇ ಬರೀತೀನಿ. ಈಸ್ ಅಂತ ಬಿಟ್ರೆ ನಾನೂ ಅದನ್ನ ಒಪ್ಕೊಂಡ ಹಾಗೆ ಕೇಳಿಸುತ್ತೆ, ವಾಸ್ ಅಂದ್ರೆ ಮಾತಿನ ಹೊಣೆ ಹೇಳಿದವರ ಮೇಲೇ ಇರುತ್ತೆ. ಗ್ರಾಮರ್ ಪ್ರಕಾರ ಎರಡೂ ಸರಿ, ಆದ್ರೆ ಆಮೇಲೆ ಬಿಲ್ ವಿಷಯಕ್ಕೆ ಜಗಳ ಬಂದಾಗ ನೋಟ್ ತೆಗೆದು ನೋಡೋರಿಗೆ ಎರಡೂ ಒಂದೇ ಅಲ್ಲ.

‘ದಿಸ್’ ಬಂದಾಗ ‘ದಟ್’ ಹಾಕೋ ಅಭ್ಯಾಸಾನೂ ನಾನು ಬಿಟ್ಟಿದ್ದೀನಿ. “ದಿಸ್ ಮಷೀನ್ ಈಸ್ ಯೂಸ್‌ಲೆಸ್” ಅಂತ ಬೈದ್ರೆ ‘ಶಿ ಸೆಡ್ ದ ಮಷೀನ್ ವಾಸ್ ಯೂಸ್‌ಲೆಸ್’ ಅಂತ ಬರೆದ್ರೆ ಸಾಕು. ‘ದಟ್ ಮಷೀನ್’ ಅಂದ್ರೆ ಓದೋರು ಅವರ ಮನೇಲಿ ಇನ್ನೊಂದು ಮಷೀನ್ ಇದೆಯೇನೋ ಅಂತ ಹುಡುಕ್ತಾರೆ.